ನರ್ಮದೆ ಆ ಗೆರೆ ಮುಟ್ಟುವುದಿಲ್ಲ

ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆ ಇರುತ್ತದೆ: ಭಾರತದ ನಕ್ಷೆ ಬರೆದು ಇವುಗಳನ್ನು ಗುರುತಿಸಿ. ಕರ್ಕಾಟಕ ಸಂಕ್ರಾಂತಿ ವೃತ್ತ, ನರ್ಮದಾ ನದಿ, ಕಾಂಡ್ಲಾ ಬಂದರು, ಚೆನ್ನೈ, ಹೀಗೆ ನಾಲ್ಕು ಹೆಸರು. ನಕ್ಷೆಗೆ ಒಂದಿಷ್ಟು ಅಂಕ, ಗುರುತಿಗೆ ತಲಾ ಒಂದೊಂದು. ಓದಿ ಬಾಯಿಪಾಠ ಮಾಡುವುದು ಏನೂ ಇಲ್ಲ, ಆದರೂ ಬುದ್ಧಿವಂತ ಮಕ್ಕಳೇ ಇಲ್ಲಿ ಅಂಕ ಬಿಡುತ್ತಾರೆ.

ನಮ್ಮ ಬೀದಿಯ ಒಬ್ಬ ಹುಡುಗಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ನನ್ನ ಹತ್ತಿರ ಬಂದಳು. ಐದಕ್ಕೆ ಎರಡು ಅಂಕ ಬಂದಿತ್ತು. ನರ್ಮದೆಗೂ ಕಾಂಡ್ಲಾಕ್ಕೂ ಸೊನ್ನೆ. "ನರ್ಮದಾ ಪಶ್ಚಿಮಕ್ಕೆ ತಾನೆ ತಾತ ಹರಿಯೋದು? ಹಾಗೇ ಬರೆದಿದ್ದೀನಲ್ಲ, ಯಾಕೆ ಕಳೆದ್ರು?" ಎಂದು ಕೇಳಿದಳು. ನೋಡಿದೆ. ನದಿ ಪಶ್ಚಿಮಕ್ಕೇ ಹೊರಟಿತ್ತು. ಆದರೆ ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲುಗಡೆ ಹುಟ್ಟಿ, ಅದನ್ನು ಅಡ್ಡ ದಾಟಿ, ಮತ್ತೆ ಮೇಲೇರಿ ಕಛ್ ಖಾರಿಗೆ ಬಿದ್ದಿತ್ತು. ಮೇಷ್ಟ್ರು ಅಂಕ ಕಳೆದದ್ದು ನ್ಯಾಯವೇ. ನರ್ಮದೆ ಅಮರಕಂಟಕದಲ್ಲಿ ಹುಟ್ಟಿ 1312 ಕಿ.ಮೀ. ಹರಿದು ಖಂಭಾತ್ ಕೊಲ್ಲಿ ಸೇರುವವರೆಗೆ ಆ ಗೆರೆಯ ದಕ್ಷಿಣಕ್ಕೇ ಇರುತ್ತದೆ, ಒಂದು ಕಡೆಯೂ ಮುಟ್ಟುವುದಿಲ್ಲ. ಗೆರೆಯನ್ನೂ ನದಿಯನ್ನೂ ಒಟ್ಟಿಗೆ ಕೇಳಿದರೆ ಮೌಲ್ಯಮಾಪಕರ ಕಣ್ಣು ಹೋಗುವುದು ಮೊದಲು ಅಲ್ಲಿಗೇ.

ಹುಡುಗಿಗೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಅವಳು ಮೊದಲು ದೇಶದ ಅಂಚನ್ನು ನೆನಪಿನಿಂದ ಬರೆದು, ಆಮೇಲೆ ಗೆರೆಯನ್ನು ಅಂದಾಜಿನಲ್ಲಿ ಎಳೆದಿದ್ದಳು. ಕ್ರಮ ತಿರುಗಿಸಬೇಕು. ಮೊದಲು ಗೆರೆ, ಆಮೇಲೆ ದೇಶ.

ಭಾರತದ ಮುಖ್ಯ ಭೂಭಾಗ ಉತ್ತರ ದಕ್ಷಿಣ 3214 ಕಿ.ಮೀ., ಪೂರ್ವ ಪಶ್ಚಿಮ 2933 ಕಿ.ಮೀ. ಒಂದು ಸೆಂ.ಮೀ.ಗೆ 200 ಕಿ.ಮೀ. ಎಂದು ಹಿಡಿದರೆ ಎತ್ತರ 16 ಸೆಂ.ಮೀ., ಅಗಲ ಹದಿನಾಲ್ಕೂವರೆಗೆ ತುಸು ಹೆಚ್ಚು. ಉತ್ತರಪತ್ರಿಕೆಯ ಪುಟಕ್ಕೆ ಸರಿಯಾಗಿ ಕೂರುತ್ತದೆ. ಪೆನ್ಸಿಲಿನಲ್ಲಿ, ಕಂಡೂ ಕಾಣದ ಹಾಗೆ, ಇಷ್ಟು ಅಳತೆಯ ಒಂದು ಚೌಕಟ್ಟು ಹಾಕಿಕೊಳ್ಳಿ. ಕೆಳಗಿನಿಂದ ಎಂಟೂವರೆ ಸೆಂ.ಮೀ. ಎತ್ತರದಲ್ಲಿ ಒಂದು ಅಡ್ಡಗೆರೆ, ಅದು 23½° ಉತ್ತರ ಅಕ್ಷಾಂಶ, ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತ. ಅಗಲದ ನಡುವೆ ಒಂದು ಉದ್ದಗೆರೆ, ಅದು ನಮ್ಮ ಗಡಿಯಾರದ ವೇಳೆಯನ್ನು ನಿರ್ಧರಿಸುವ 82½° ಪೂರ್ವ ರೇಖಾಂಶ. ದೇಶ 68°7' ರಿಂದ 97°25' ರೇಖಾಂಶದವರೆಗೆ, 8°4' ರಿಂದ 37°6' ಅಕ್ಷಾಂಶದವರೆಗೆ ಹರಡಿರುವುದರಿಂದ, ಪರೀಕ್ಷೆಯಲ್ಲಿ ಪದೇಪದೇ ಕೇಳುವ ಈ ಎರಡೂ ಗೆರೆಗಳು ಹೆಚ್ಚುಕಡಿಮೆ ಚೌಕಟ್ಟಿನ ನಡುವೆಯೇ ಬರುತ್ತವೆ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಏನು ಬೇಕು?

ಈ ಎರಡು ಗೆರೆಗೆ ಸಿಕ್ಕಿಸಿ ಅಂಚು ಬರೆಯಬೇಕು. ಅಡ್ಡಗೆರೆಯ ಎಡತುದಿಯೇ ಗುಜರಾತಿನ ಪಶ್ಚಿಮ ತುದಿ. ಬಲಗಡೆ ಅರುಣಾಚಲದ ಮೂಲೆ ಅಡ್ಡಗೆರೆಗಿಂತ ಎರಡೂವರೆ ಸೆಂ.ಮೀ. ಮೇಲೆ ಚೌಕಟ್ಟು ಮುಟ್ಟುತ್ತದೆ. ಉದ್ದಗೆರೆ ಕೆಳಗಿನಿಂದ ಐದು ಸೆಂ.ಮೀ. ಎತ್ತರದಲ್ಲಿ, ಕಾಕಿನಾಡದ ಬಳಿ, ಕರಾವಳಿಯನ್ನು ದಾಟಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಅದರ ಕೆಳಗೆ ಗೆರೆಯಿರುವುದು ನೀರಿನಲ್ಲಿ. ಕನ್ಯಾಕುಮಾರಿಯನ್ನು ಹೆಚ್ಚಿನ ಮಕ್ಕಳು ಸರಿಯಾಗಿ ನಡುವೆ ಇಡುತ್ತಾರೆ, ಪುಟದ ಮೇಲೆ ಅದು ಚೆನ್ನಾಗಿ ಕಾಣುತ್ತದೆ ಎಂದೋ ಏನೋ. ಅದು ಉದ್ದಗೆರೆಯಿಂದ ಎಡಕ್ಕೆ ಎರಡೂವರೆ ಸೆಂ.ಮೀ.ಗೂ ತುಸು ದೂರದಲ್ಲಿರಬೇಕು. ನಡುವೆ ಇಟ್ಟರೆ ಕೇರಳ ದಪ್ಪವಾಗಿ, ತಮಿಳುನಾಡು ಸಮುದ್ರದೊಳಗೆ ಹೋಗಿರುತ್ತದೆ. ನಕ್ಷೆ ವಾಲಿದಂತೆ ಕಂಡರೆ ಮೊದಲು ಇದನ್ನೇ ನೋಡಿ.

ಕನ್ಯಾಕುಮಾರಿಯಿಂದ ನೇರ ಮೇಲಕ್ಕೆ ಇನ್ನೊಂದು ಗೆರೆ ಎಳೆಯಿರಿ. ಬೆಂಗಳೂರು, ಭೋಪಾಲ್, ದೆಹಲಿ ಮೂರೂ ಅದರ ಮೇಲೆ ಅಥವಾ ಪಕ್ಕದಲ್ಲೇ ಇವೆ. ಇನ್ನು ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಸುಮಾರು 13° ಅಕ್ಷಾಂಶದಲ್ಲಿವೆ. ಚೌಕಟ್ಟಿನ ಕೆಳಗಿನಿಂದ ಎರಡೂಮುಕ್ಕಾಲು ಸೆಂ.ಮೀ. ಮೇಲೆ ಬೆಂಗಳೂರಿನ ಚುಕ್ಕೆ ಇಟ್ಟರೆ ಎಡಕ್ಕೆ ಒಂದೂವರೆ ಸೆಂ.ಮೀ. ಮಂಗಳೂರು, ಬಲಕ್ಕೆ ಒಂದೂವರೆ ಚೆನ್ನೈ. ಮುಂಬೈಗೆ ಹತ್ತಿರ ಮಂಗಳೂರನ್ನು ಇಟ್ಟ ನಕ್ಷೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಕನ್ನಡದ ಮಕ್ಕಳು ಬರೆದದ್ದೇ!

ಈಗ ನರ್ಮದೆ. ಎರಡು ಮುಖ್ಯ ಗೆರೆ ಸೇರುವ ಜಾಗದಿಂದ ನಾಲ್ಕು ಮಿ.ಮೀ. ಎಡಕ್ಕೆ, ನಾಲ್ಕು ಮಿ.ಮೀ. ಕೆಳಕ್ಕೆ ಪೆನ್ಸಿಲ್ ಊರಿದರೆ ಅದು ಅಮರಕಂಟಕ. ಅಲ್ಲಿಂದ ನದಿ ವಾಯವ್ಯಕ್ಕೆ ಏರಿ ಜಬಲ್ಪುರದ ಬಳಿ ಅಡ್ಡಗೆರೆಗೆ ಎರಡು ಮಿ.ಮೀ. ಹತ್ತಿರ ಬರುತ್ತದೆ. ಆಮೇಲೆ ಮೆಲ್ಲನೆ ಇಳಿಯುತ್ತಾ ಉದ್ದಗೆರೆಯಿಂದ ಐದು ಸೆಂ.ಮೀ. ಎಡಕ್ಕೆ, ಅಡ್ಡಗೆರೆಗಿಂತ ಒಂದು ಸೆಂ.ಮೀ. ಕೆಳಗೆ ಸಮುದ್ರ ಸೇರುತ್ತದೆ. ಹುಟ್ಟುವಲ್ಲಿ ಸಣ್ಣ ಗೆರೆ, ಸೇರುವಲ್ಲಿ ತುಸು ದಪ್ಪ. ಗುಜರಾತಿಗೆ ಎರಡು ಬಾಯಿ ಇವೆ ಎಂದು ನೆನಪಿಡಿ. ಮೇಲಿನದು ಕಛ್ ಖಾರಿ, ಅಲ್ಲಿ ಕಾಂಡ್ಲಾ. ಕೆಳಗಿನದು ಖಂಭಾತ್ ಕೊಲ್ಲಿ, ಅಲ್ಲಿ ನರ್ಮದೆ. ಹುಡುಗಿ ಇವೆರಡನ್ನೂ ಅದಲುಬದಲು ಮಾಡಿದ್ದರಿಂದ ಒಂದೇ ಏಟಿಗೆ ಎರಡು ಅಂಕ ಹೋದವು.

ಅಂದವಾಗಿ ಬರೆಯಿರಿ ಎಂದರೆ ಮಕ್ಕಳು ಬಣ್ಣ ತುಂಬುತ್ತಾರೆ. ಅದಲ್ಲ. ನಮ್ಮ ಅಳತೆಯಲ್ಲಿ ಸ್ಕೆಚ್ ಪೆನ್ನಿನ ಮೂರು ಮಿ.ಮೀ. ಚುಕ್ಕೆ ಎಂದರೆ ನೆಲದ ಮೇಲೆ 60 ಕಿ.ಮೀ. ಅಗಲ. ಕಾಂಡ್ಲಾ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಬರೀ ಎರಡೂವರೆ ಮಿ.ಮೀ. ಕೆಳಗೆ. ಅಂಥ ಚುಕ್ಕೆ ಇಟ್ಟರೆ ಬಂದರು ಗೆರೆಯ ಮೇಲಿದೆಯೋ ಕೆಳಗಿದೆಯೋ ಯಾರಿಗೆ ತಿಳಿಯಬೇಕು? ಪೆನ್ಸಿಲಿನ ಮೊನೆಯ ಅರ್ಧ ಮಿ.ಮೀ. ಚುಕ್ಕೆಯಾದರೆ ಹತ್ತೇ ಕಿ.ಮೀ.

ಹೆಸರು ಬರೆಯುವುದರಲ್ಲಿ ಕನ್ನಡಕ್ಕೆ ಅದರದೇ ಒಂದು ತೊಡಕಿದೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ‘ಸಂಕ್ರಾಂತಿ ವೃತ್ತ’ ಎಂದು ಗೆರೆಗೆ ಅಂಟಿಸಿ ಬರೆದರೆ ಒತ್ತುಗಳು ಗೆರೆಯನ್ನು ದಾಟಿ ನರ್ಮದೆಯ ಮೇಲೆ ಕೂರುತ್ತವೆ. ಅದಕ್ಕೆ ಆ ಹೆಸರನ್ನು ನಕ್ಷೆಯ ಹೊರಗೆ, ಗೆರೆಯ ತುದಿಯಲ್ಲಿ ಬರೆಯುವುದು ಮೇಲು. ಬಂದರುಗಳ ಹೆಸರು ಸಮುದ್ರದ ಕಡೆಗೆ, ನದಿಯ ಹೆಸರು ಹರಿವಿನ ಜೊತೆಗೆ ಇರಲಿ. ಗುರುತು ಮಾಡಿ ಆದಮೇಲೆ ಚೌಕಟ್ಟನ್ನೂ ಕೇಳದ ಗೆರೆಗಳನ್ನೂ ರಬ್ಬರಿನಿಂದ ಅಳಿಸಿ.

ಈ ಚೌಕಟ್ಟಿಗೂ ಮಿತಿ ಇದೆ. ಅಚ್ಚಾದ ನಕ್ಷೆಯಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತ ನೇರವಾಗಿರದೆ, ನಡುವೆ ತಗ್ಗಿ ತುದಿಗಳಲ್ಲಿ ತುಸು ಮೇಲಕ್ಕೆ ಬಾಗಿರುತ್ತದೆ. ಈ ಅಳತೆಗೆ ತುದಿಗಳು ಮೂರ್ನಾಲ್ಕು ಮಿ.ಮೀ. ಏರುತ್ತವೆ. ಕೈ ಪಳಗಿದ ಮೇಲೆ ಹಾಗೇ ಬಾಗಿಸಿ ಎಳೆಯಬಹುದು. ಇನ್ನು ದ್ವೀಪಗಳು. ಅಂಡಮಾನ್ ಚೌಕಟ್ಟಿನೊಳಗೇ, ಉದ್ದಗೆರೆಯಿಂದ ಐದೂವರೆ ಸೆಂ.ಮೀ. ಬಲಕ್ಕೆ ಬರುತ್ತದೆ. ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ 6°45' ಅಕ್ಷಾಂಶದಲ್ಲಿರುವುದರಿಂದ ಕೆಳಗಿನ ಗೆರೆಯಿಂದಲೂ ಸುಮಾರು ಮುಕ್ಕಾಲು ಸೆಂ.ಮೀ. ಹೊರಗೆ ಹೋಗುತ್ತದೆ. ಆದ್ದರಿಂದ ಚೌಕಟ್ಟು ಹಾಕುವಾಗಲೇ ಪುಟದ ಅಡಿಯಲ್ಲಿ ಎರಡು ಬೆರಳು ಜಾಗ ಬಿಟ್ಟುಕೊಳ್ಳಿ.