ನಾಲ್ಕು ಆಯಾಮದಲ್ಲಿ 60 ಡಿಗ್ರಿ

ಒಂದು ಚೌಕ ಬರೆದು ಅದಕ್ಕೆ ಕರ್ಣ ಎಳೆದರೆ, ಕರ್ಣಕ್ಕೂ ಬಾಹುವಿಗೂ ನಡುವಿನ ಕೋನ 45 ಡಿಗ್ರಿ. ಚೌಕದ ಬದಲು ಘನವನ್ನು ತೆಗೆದುಕೊಂಡು, ಒಂದು ಮೂಲೆಯಿಂದ ಅದರ ನೇರ ಎದುರಿನ ಮೂಲೆಗೆ ಒಳಗಿನಿಂದಲೇ ಗೆರೆ ಹಾಯಿಸಿದರೆ, ಆ ಗೆರೆಗೂ ಅಂಚಿಗೂ ನಡುವಿನ ಕೋನ ಸುಮಾರು 54.7 ಡಿಗ್ರಿ. ನಾಲ್ಕು ಆಯಾಮಗಳ ಘನದಲ್ಲಿ ಇದೇ ಕೋನ ಕರಾರುವಾಕ್ಕಾಗಿ 60 ಡಿಗ್ರಿ. ಸುಮಾರು ಅಲ್ಲ, ಸರಿಯಾಗಿ ಅರವತ್ತು.

ಈ ಕೊನೆಯ ಮಾತನ್ನು ಯಾರಾದರೂ ಹೇಳಿದರೆ ತಡೆದು ಕೇಳಬೇಕಾದ ಪ್ರಶ್ನೆಯೊಂದಿದೆ. ನಾಲ್ಕು ಆಯಾಮದ ಘನವನ್ನು ಯಾರೂ ಕಂಡಿಲ್ಲ, ಅದರ ಮೂಲೆಯಲ್ಲಿ ಯಾರೂ ಕೋನಮಾಪಕ ಇಟ್ಟು ನೋಡಿಲ್ಲ. ಹಾಗಿದ್ದಮೇಲೆ ಅಲ್ಲಿ ಕೋನವೆಂಬುದು ಇದೆ, ಅದಕ್ಕೊಂದು ಅಳತೆಯೂ ಇದೆ ಎಂದು ಹೇಳುವ ಹಕ್ಕು ಎಲ್ಲಿಂದ ಬಂತು? ಆ ಹಕ್ಕನ್ನು ಕೊಡುವುದು ಒಂದು ಸಣ್ಣ ಅಸಮತೆ. ಗಣಿತದ ಪುಸ್ತಕಗಳಲ್ಲಿ ಅದಕ್ಕೆ ಕೌಶಿ–ಶ್ವಾರ್ಟ್ಸ್ ಅಸಮತೆ ಎಂದು ಹೆಸರು.

ದಿಕ್ಕೂ ಉದ್ದವೂ ಇರುವ ಬಾಣವನ್ನು ಸದಿಶ ಎನ್ನುತ್ತೇವೆ. ಹಾಳೆಯ ಮೇಲಿನ ಬಾಣವನ್ನು ಎರಡು ಸಂಖ್ಯೆಗಳಲ್ಲಿ ಹೇಳಿ ಮುಗಿಸಬಹುದು: ಬಲಕ್ಕೆ 3, ಮೇಲಕ್ಕೆ 4 ಹೋಗುವ ಬಾಣ ಎಂದರೆ (3, 4). ಪೈಥಾಗೊರಸನ ಪ್ರಮೇಯದ ಪ್ರಕಾರ ಅದರ ಉದ್ದ 9 + 16, ಅಂದರೆ 25ರ ವರ್ಗಮೂಲ, 5. ಇನ್ನೊಂದು ಬಾಣ (4, 3) ಇರಲಿ. ಅದರ ಉದ್ದವೂ 5. ಇವೆರಡರ ಬಿಂದು ಗುಣಲಬ್ಧ ಸಿಗಬೇಕಾದರೆ ಮೊದಲನೆಯದನ್ನು ಮೊದಲನೆಯದರಿಂದ, ಎರಡನೆಯದನ್ನು ಎರಡನೆಯದರಿಂದ ಗುಣಿಸಿ ಕೂಡಬೇಕು: 3 × 4 + 4 × 3 = 24. ಬಾಣದ ಬಿಂದು ಗುಣಲಬ್ಧವನ್ನು ಅದರ ಜೊತೆಗೇ ತೆಗೆದರೆ ಉದ್ದದ ವರ್ಗ ಸಿಗುತ್ತದೆ ಎಂಬುದನ್ನೂ ಗಮನದಲ್ಲಿಡಿ. ಮುಂದೆ ಇದೇ ಕೆಲಸಕ್ಕೆ ಬರುತ್ತದೆ.

ಅಸಮತೆ ಹೇಳುವುದು ಇಷ್ಟು: ಬಿಂದು ಗುಣಲಬ್ಧ ಎಷ್ಟೇ ಬೆಳೆದರೂ ಎರಡು ಉದ್ದಗಳ ಗುಣಲಬ್ಧವನ್ನು ದಾಟುವುದಿಲ್ಲ. ಅದು ಋಣಸಂಖ್ಯೆಯಾಗಿದ್ದರೆ ಚಿಹ್ನೆಯನ್ನು ಬಿಟ್ಟು ನೋಡಬೇಕು.

|a·b| ≤ |a| |b|

ನಮ್ಮ ಬಾಣಗಳಲ್ಲಿ ಎಡಗಡೆ 24, ಬಲಗಡೆ 5 × 5 = 25. ದಾಟಿಲ್ಲ, ಆದರೆ ತುಂಬಾ ಹತ್ತಿರ ಬಂದಿದೆ. ಎರಡು ಬಾಣಗಳೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ನೋಡುತ್ತಿರುವುದೇ ಅದಕ್ಕೆ ಕಾರಣ.

ಪಿಯುಸಿ ಎರಡನೇ ವರ್ಷದಲ್ಲಿ ಸದಿಶಗಳ ಪಾಠ ಓದಿದವರು ಇದನ್ನು ಕಂಡಿರುತ್ತಾರೆ. ಅಲ್ಲಿ ಸಾಧನೆ ಒಂದೇ ಸಾಲಿನದು. ಬಿಂದು ಗುಣಲಬ್ಧ ಎಂದರೆ ಎರಡು ಉದ್ದಗಳನ್ನೂ ನಡುವಿನ ಕೋನದ ಕೊಸೈನನ್ನೂ ಗುಣಿಸಿದ್ದು. ಕೊಸೈನು 1ನ್ನು ಮೀರುವುದಿಲ್ಲ. ಆದ್ದರಿಂದ ಅಸಮತೆ ನಿಜ. ಮೂರು ಆಯಾಮಗಳಲ್ಲಿ ಈ ವಾದಕ್ಕೆ ದೋಷವಿಲ್ಲ, ಏಕೆಂದರೆ ಅಲ್ಲಿ ಕೋನವೆಂದರೇನು ಎಂಬುದು ರೇಖಾಗಣಿತದಿಂದ ಮೊದಲೇ ಗೊತ್ತಿದೆ. ನಾಲ್ಕನೇ ಆಯಾಮಕ್ಕೆ ಕಾಲಿಟ್ಟ ಕೂಡಲೇ ವಾದ ತನ್ನ ಬಾಲವನ್ನೇ ತಾನು ನುಂಗತೊಡಗುತ್ತದೆ. ಅಲ್ಲಿ ಕೋನ ಮೊದಲೇ ಗೊತ್ತಿಲ್ಲ. ಬಿಂದು ಗುಣಲಬ್ಧದಿಂದಲೇ ಅದನ್ನು ಕಟ್ಟಬೇಕು. ಬಿಂದು ಗುಣಲಬ್ಧವನ್ನು ಉದ್ದಗಳ ಗುಣಲಬ್ಧದಿಂದ ಭಾಗಿಸಿ, ಬಂದ ಸಂಖ್ಯೆ ಯಾವ ಕೋನದ ಕೊಸೈನೋ ಅದೇ ನಮ್ಮ ಕೋನ ಎನ್ನಬೇಕು. ಆದರೆ ಭಾಗಿಸಿದಾಗ 1.3 ಬಂದುಬಿಟ್ಟರೆ? ಅಂಥ ಕೊಸೈನುಳ್ಳ ಕೋನ ಯಾವುದೂ ಇಲ್ಲ. ಹಾಗೆಂದೂ ಆಗದು ಎಂಬ ಭರವಸೆ ಬೇಕು, ಆ ಭರವಸೆಯನ್ನು ಕೋನದ ಮಾತೇ ಎತ್ತದೆ ಪಡೆಯಬೇಕು.

ಪಡೆಯುವ ದಾರಿ ಇದು. a, b ಎರಡು ಬಾಣಗಳು, b ಶೂನ್ಯವಲ್ಲ. b ಬಿದ್ದಿರುವ ಗೆರೆಯನ್ನು ನೆಲವೆಂದು ಭಾವಿಸಿ. ನಡುಹಗಲಿನ ಬಿಸಿಲಲ್ಲಿ ವಾಲಿ ನಿಂತ ಕೋಲಿನ ನೆರಳು ಅದರ ಬುಡದಿಂದ ನೆಲದುದ್ದಕ್ಕೂ ಚಾಚುವಂತೆ, a ತನ್ನ ನೆರಳನ್ನು ಆ ಗೆರೆಯ ಮೇಲೆ ಚೆಲ್ಲುತ್ತದೆ. ನೆರಳು b ದಿಕ್ಕಿನಲ್ಲೇ ಇರುವುದರಿಂದ ಅದು b ಯ ಯಾವುದೋ ಒಂದು ಪಟ್ಟು, tb. ಆ ಪಟ್ಟು ಎಷ್ಟೆಂದರೆ

t = (a·b) / |b|²

a ಯಿಂದ ನೆರಳನ್ನು ಕಳೆದರೆ ಒಂದು ಶೇಷ ಉಳಿಯುತ್ತದೆ: a − tb. ಅದೂ ಒಂದು ಬಾಣವೇ. ಅದರ ಉದ್ದದ ವರ್ಗವನ್ನು ಬಿಡಿಸಿ ಬರೆದರೆ |a|² − 2t(a·b) + t²|b|² ಆಗುತ್ತದೆ. ಇದರಲ್ಲಿ t ಯ ಬೆಲೆಯನ್ನು ಹಾಕಿದಾಗ ಕೊನೆಯ ಎರಡು ಪದಗಳು ಒಂದಾಗಿ ಉಳಿಯುವುದು ಇಷ್ಟೇ:

|a − tb|² = |a|² − (a·b)² / |b|²

ಇನ್ನು ಬೇಕಾಗಿರುವುದು ಒಂದೇ ಮಾತು. ಎಡಗಡೆ ಇರುವುದು ಉದ್ದದ ವರ್ಗ, ಎಂದರೆ ವರ್ಗಗಳ ಮೊತ್ತ. ಅದು ಎಂದೂ ಸೊನ್ನೆಗಿಂತ ಕೆಳಗಿಳಿಯದು. ಹಾಗಾಗಿ ಬಲಗಡೆಯೂ ಇಳಿಯದು. |b|² ದಿಂದ ಗುಣಿಸಿ ವರ್ಗಮೂಲ ತೆಗೆದರೆ ನಮ್ಮ ಅಸಮತೆ ಕೈಗೆ ಬಂತು. (b ಶೂನ್ಯವೇ ಆಗಿದ್ದರೆ ಎರಡೂ ಕಡೆ ಸೊನ್ನೆ, ಸಾಧಿಸಬೇಕಾದ್ದು ಏನೂ ಇಲ್ಲ.)

ಸಂಖ್ಯೆಗಳಲ್ಲಿ ನೋಡಿದರೆ ಇದು ಇನ್ನೂ ಗಟ್ಟಿಯಾಗುತ್ತದೆ. (3, 4), (4, 3) ಬಾಣಗಳಿಗೆ t = 24/25 = 0.96. ನೆರಳು (3.84, 2.88), ಶೇಷ (−0.84, 1.12). ಶೇಷದ ಉದ್ದದ ವರ್ಗ 0.7056 + 1.2544 = 1.96. ಸೂತ್ರದ ಬಲಗಡೆಯಿಂದ ಬಂದರೆ 25 − 576/25 = 25 − 23.04 = 1.96. ಎರಡೂ ಒಂದೇ. 24ಕ್ಕೂ 25ಕ್ಕೂ ನಡುವೆ ಅಂತರ ಉಳಿದಿರುವುದೇ ಈ ಶೇಷದ ದೆಸೆಯಿಂದ. ಶೇಷ ಸೊನ್ನೆಯಾದರೆ, ಅಂದರೆ a ಎಂಬುದು b ಯದೇ ಪಟ್ಟಾಗಿದ್ದರೆ ಮಾತ್ರ, ಅಸಮತೆ ಸಮತೆಯಾಗುತ್ತದೆ. ಈ ಸಾಧನೆಯಲ್ಲಿ ನನಗೆ ಅತಿ ಮೆಚ್ಚಿನದು ಇದೇ: ಎರಡು ಬದಿಗಳ ನಡುವಿನ ಅಂತರ ಎಷ್ಟು, ಅದು ಯಾವುದರಿಂದ ಬಂತು ಎಂಬುದನ್ನೂ ಅದು ಎತ್ತಿ ತೋರಿಸುತ್ತದೆ.

ಜಾಣ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು. ಎಷ್ಟೇ ಆಯಾಮಗಳಿರಲಿ, ಎರಡು ಬಾಣಗಳು ಒಂದು ಸಮತಲದಲ್ಲೇ ಇರುತ್ತವಲ್ಲ. ಆ ಸಮತಲದ ಮೇಲೆ ಹಾಳೆ ಹಾಸಿ ಕೋನಮಾಪಕದಿಂದಲೇ ಅಳೆದರಾಯಿತಲ್ಲವೇ? ಆದರೆ ಆ ಸಮತಲದ ಉದ್ದಗಳು ನಮ್ಮ ಹಾಳೆಯ ಉದ್ದಗಳಿಗೆ ಸರಿಹೊಂದುತ್ತವೆ, ಹಾಳೆ ಎಲ್ಲೂ ಹಿಗ್ಗದೆ ಕುಗ್ಗದೆ ಕೂರುತ್ತದೆ ಎಂದು ಮೊದಲು ತೋರಿಸಬೇಕು. ತೋರಿಸುವ ಬಗೆಯೆಂದರೆ b ದಿಕ್ಕನ್ನು ಒಂದು ಅಕ್ಷವಾಗಿಟ್ಟು, ಅದಕ್ಕೆ ಲಂಬವಾದ ಶೇಷದ ದಿಕ್ಕನ್ನು ಇನ್ನೊಂದು ಅಕ್ಷ ಮಾಡುವುದು. ಮೇಲಿನ ಸಾಧನೆಯೇ ಮತ್ತೆ ಬಂದಂತಾಯಿತು.

ಈಗ ಕೋನವನ್ನು ನಿಶ್ಚಿಂತೆಯಿಂದ ಹೇಳಬಹುದು.

cos θ = (a·b) / (|a| |b|)

ಬಲಗಡೆಯ ಸಂಖ್ಯೆ −1ರಿಂದ 1ರೊಳಗೇ ಇರುತ್ತದೆ. ಆ ವ್ಯಾಪ್ತಿಯ ಪ್ರತಿ ಸಂಖ್ಯೆಗೂ 0ಯಿಂದ 180 ಡಿಗ್ರಿಯೊಳಗೆ ಒಂದು ಕೋನವಿದೆ, ಒಂದೇ ಒಂದು. ನಾಲ್ಕು ಆಯಾಮದ ಘನದ ಕರ್ಣ (1, 1, 1, 1), ಅದರ ಒಂದು ಅಂಚು (1, 0, 0, 0). ಬಿಂದು ಗುಣಲಬ್ಧ 1. ಕರ್ಣದ ಉದ್ದ 4ರ ವರ್ಗಮೂಲ, 2, ಅಂಚಿನದು 1. ಭಾಗಿಸಿದರೆ ಅರ್ಧ. ಕೊಸೈನು ಅರ್ಧವಾಗಿರುವ ಕೋನ 60 ಡಿಗ್ರಿ. ನೂರು ಆಯಾಮದ ಘನಕ್ಕೆ ಹೋದರೆ ಕರ್ಣದ ಉದ್ದ 10, ಕೊಸೈನು 0.1, ಕೋನ ಸುಮಾರು 84.3 ಡಿಗ್ರಿ. ಆಯಾಮ ಹೆಚ್ಚಿದಂತೆಲ್ಲ ಕರ್ಣವು ತನ್ನ ಪ್ರತಿಯೊಂದು ಅಂಚಿಗೂ ಲಂಬವಾಗುವತ್ತ ಸರಿಯುತ್ತದೆ, ಆದರೆ ಪೂರ್ತಿ ಲಂಬ ಆಗುವುದೇ ಇಲ್ಲ.

ಕೌಶಿ ಈ ಅಸಮತೆಯನ್ನು ಪ್ಯಾರಿಸ್ಸಿನಲ್ಲಿ 1821ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪಠ್ಯದ ಕೊನೆಯ ಟಿಪ್ಪಣಿಯೊಂದರಲ್ಲಿ ಕೊಟ್ಟ. ಅವನ ಕಣ್ಣಿಗೆ ಅದು ಸಂಖ್ಯೆಗಳ ಮೊತ್ತದ ಸಂಗತಿ. ಬಾಣಗಳ ಭಾಷೆ ಆಗಿನ್ನೂ ಹುಟ್ಟಿರಲಿಲ್ಲ. ಪ್ಯಾರಿಸ್ಸಿನಲ್ಲಿ ಅವನ ಬಳಿ ಕಲಿತಿದ್ದ ರಷ್ಯದ ಬುನ್ಯಕೋವ್‌ಸ್ಕಿ 1859ರಲ್ಲಿ ಮೊತ್ತದ ಜಾಗದಲ್ಲಿ ಅನುಕಲನವನ್ನು ಇಟ್ಟ. ಜರ್ಮನಿಯ ಹರ್ಮನ್ ಶ್ವಾರ್ಟ್ಸ್ 1885ರಲ್ಲಿ, ಸೋಪಿನ ಪೊರೆಯಂಥ ಕನಿಷ್ಠ ವಿಸ್ತೀರ್ಣದ ಮೇಲ್ಮೈಗಳನ್ನು ಅಭ್ಯಾಸ ಮಾಡುತ್ತಿದ್ದಾಗ, ಸ್ವತಂತ್ರವಾಗಿ ಅಲ್ಲಿಗೇ ಬಂದು ಮುಟ್ಟಿದ. ಅವನ ಉಪಾಯ ಹೈಸ್ಕೂಲು ಮಕ್ಕಳಿಗೂ ಎಟುಕುತ್ತದೆ. |a − tb|² ಎಂಬುದು t ಯಲ್ಲಿ ಒಂದು ವರ್ಗೋಕ್ತಿ; t ಏನೇ ಇದ್ದರೂ ಅದು ಋಣವಾಗದು; ಆದ್ದರಿಂದ ಅದರ ಶೋಧಕ ಧನಸಂಖ್ಯೆಯಾಗಲಾರದು. ಹತ್ತನೇ ತರಗತಿಯ b² − 4ac ಇಲ್ಲಿ ಸಾಧನೆಯ ಇಡೀ ಭಾರವನ್ನು ಹೊರುತ್ತದೆ. ಹೆಸರಿನಲ್ಲಿ ಬುನ್ಯಕೋವ್‌ಸ್ಕಿಯನ್ನು ಬಿಡುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಅನುಕಲನಕ್ಕೆ ಹೊರಳಿದ್ದರಿಂದ ಬಾಣಗಳಲ್ಲದವಕ್ಕೂ ಕೋನ ದಕ್ಕಿತು. 0ಯಿಂದ 1ರವರೆಗೆ ಎರಡು ಫಲನಗಳು: ಒಂದು ಎಲ್ಲೆಡೆಯೂ 1, ಇನ್ನೊಂದು x. ಗುಣಿಸಿ ಅನುಕಲಿಸಿದ್ದನ್ನೇ ಅವುಗಳ ಬಿಂದು ಗುಣಲಬ್ಧ ಎಂದುಕೊಂಡರೆ 1/2 ಬರುತ್ತದೆ. ಮೊದಲನೆಯದರ ಉದ್ದ 1. ಎರಡನೆಯದರ ಉದ್ದದ ವರ್ಗ x² ನ ಅನುಕಲನ, 1/3; ಉದ್ದ 1/√3. ಭಾಗಿಸಿದರೆ √3/2. ಒಂದು ಮಟ್ಟಗೆರೆಗೂ ಒಂದು ಏರುಗೆರೆಗೂ, ಫಲನಗಳಾಗಿ ನೋಡಿದಾಗ, ನಡುವಿನ ಕೋನ 30 ಡಿಗ್ರಿ. ಇದು ಹಾಳೆಯ ಮೇಲೆ ಆ ಗೆರೆಗಳ ನಡುವೆ ಕಾಣುವ 45 ಡಿಗ್ರಿ ಅಲ್ಲ.

ಕಂಪ್ಯೂಟರಿನಲ್ಲಿ ಈ ಲೆಕ್ಕ ಮಾಡುವವರು ಒಮ್ಮೊಮ್ಮೆ 1.0000000000000002 ಎಂಬಂಥ ಉತ್ತರ ಕಾಣುತ್ತಾರೆ, ಮುಂದಿನ ಹೆಜ್ಜೆಯಲ್ಲಿ ಕೋನ ಸಿಗದೆ ಪ್ರೋಗ್ರಾಮು ನಿಲ್ಲುತ್ತದೆ. ಎರಡು ಬಾಣಗಳು ಒಂದೇ ದಿಕ್ಕಿನಲ್ಲಿದ್ದಾಗ ದಶಮಾಂಶಗಳನ್ನು ಸರಿದೂಗಿಸುವಲ್ಲಿ ಉಳಿದ ಕೊಸರು ಅದು. ಅಸಮತೆ ಗೊತ್ತಿದ್ದವರು ಅದನ್ನು 1 ಎಂದು ತಿದ್ದಿ ಮುಂದೆ ಹೋಗಬಹುದು. ಉತ್ತರ 1.2 ಬಂದರೆ ಮಾತ್ರ ತಿದ್ದಬಾರದು. ಲೆಕ್ಕದಲ್ಲೇ ತಪ್ಪಿದೆ, ಹುಡುಕಬೇಕು.

ಲೆಕ್ಕ ಸರಿಯಿದ್ದೂ ಉತ್ತರ 1ನ್ನು ದಾಟುವ ಲೋಕವೂ ಒಂದಿದೆ. 1908ರಲ್ಲಿ ಹರ್ಮನ್ ಮಿಂಕೋವ್‌ಸ್ಕಿ ಕಲೋನ್ ನಗರದ ಉಪನ್ಯಾಸದಲ್ಲಿ ಕಾಲವನ್ನೂ ದೇಶವನ್ನೂ ಒಂದೇ ಜಾಗವಾಗಿ ಹೆಣೆದು ತೋರಿಸಿದ. ಅಲ್ಲಿನ ಗುಣಲಬ್ಧದಲ್ಲಿ ಕಾಲದ ಭಾಗವನ್ನು ಕೂಡಬೇಕು, ದೇಶದ ಭಾಗವನ್ನು ಕಳೆಯಬೇಕು. ಮೊದಲ ಸಂಖ್ಯೆ ಕಾಲ, ಎರಡನೆಯದು ದೂರ ಎಂದಿಟ್ಟು (5, 3), (5, −3) ತೆಗೆದುಕೊಳ್ಳಿ: ಬೆಳಕಿನ ವೇಗದ ಐದರಲ್ಲಿ ಮೂರು ಪಾಲು ವೇಗದಲ್ಲಿ ವಿರುದ್ಧ ದಿಕ್ಕುಗಳಿಗೆ ಹೊರಟ ಎರಡು ನೌಕೆಗಳು. ಒಂದೊಂದರ ಉದ್ದದ ವರ್ಗ 25 − 9 = 16, ಉದ್ದ 4. ಆದರೆ ಅವುಗಳ ಗುಣಲಬ್ಧ 25 + 9 = 34, ಉದ್ದಗಳ ಗುಣಲಬ್ಧವಾದ 16ರ ಎರಡು ಪಟ್ಟಿಗೂ ಮಿಗಿಲು. ಸಾಧನೆ ಎಲ್ಲಿ ಮುರಿಯಿತೆಂದು ಹುಡುಕುವುದು ಕಷ್ಟವಲ್ಲ. t = 34/16 = 2.125, ಶೇಷ (−5.625, 9.375). ಅದರ "ಉದ್ದದ ವರ್ಗ" ಸೊನ್ನೆಗಿಂತ ಕಡಿಮೆ, −56.25. ವರ್ಗ ಋಣವಾಗದು ಎಂಬ ಒಂದೇ ಆಧಾರ ಇಲ್ಲಿ ಇಲ್ಲ, ಆದ್ದರಿಂದ ಅಸಮತೆ ತಿರುವುಮುರುವಾಯಿತು, ಸಾಮಾನ್ಯ ಅರ್ಥದ ಕೋನವೂ ಹೋಯಿತು. 2.125 ಯಾವ ಕೋನದ ಕೊಸೈನೂ ಅಲ್ಲ. ಹಾಗೆಂದು ಅದು ವ್ಯರ್ಥ ಸಂಖ್ಯೆಯೂ ಅಲ್ಲ: ಒಂದು ನೌಕೆಯಲ್ಲಿ ಕುಳಿತವರ ಅಳತೆಯಲ್ಲಿ ಇನ್ನೊಂದು ನೌಕೆಯ ಗಡಿಯಾರ ಸರಿಯಾಗಿ ಅಷ್ಟು ಪಟ್ಟು ನಿಧಾನವಾಗಿ ನಡೆಯುತ್ತದೆ.