ಬುರ್ಖಾ ಹೊಳೆಯುವುದೇಕೆ? ಬಟ್ಟೆಯ ಲೇಬಲ್ ಹೇಳುವ ಬಿಸಿಯ ಲೆಕ್ಕ

ಹೊಸ ಬುರ್ಖಾ ನಾಲ್ಕೈದು ಬಾರಿ ಒಗೆದು ಇಸ್ತ್ರಿ ಮಾಡುವಷ್ಟರಲ್ಲಿ ತೋಳು, ಬೆನ್ನು ಮತ್ತು ಹೊಲಿಗೆಯ ಅಂಚುಗಳಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯತೊಡಗುತ್ತದೆ. ಬಟ್ಟೆ ಕಳಪೆಯೆಂದು ಅಂಗಡಿಯವರನ್ನು ದೂರುವ ಮೊದಲು ಒಳಗಿನ ಹೊಲಿಗೆಯಲ್ಲಿರುವ ಪುಟ್ಟ ಲೇಬಲನ್ನು ತಿರುಗಿಸಿ ನೋಡಿ. ಅದರಲ್ಲಿ ನೀರು ತುಂಬಿದ ಟಬ್ಬಿನ ಚಿತ್ರವೂ ಇಸ್ತ್ರಿ ಪೆಟ್ಟಿಗೆಯ ಚಿತ್ರವೂ ಇರುತ್ತವೆ. ಹೊಳಪಿಗೆ ಕಾರಣ ಬಹುಪಾಲು ಆ ಎರಡನೆಯ ಚಿತ್ರದೊಳಗಿನ ಚುಕ್ಕಿಗಳಲ್ಲೇ ಇದೆ.

ಈ ಚಿತ್ರಗಳು ಒಂದೊಂದು ಕಂಪನಿಗೆ ಒಂದೊಂದು ಬಗೆಯಲ್ಲ. 1963ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಜಿನೆಟೆಕ್ಸ್ ಎಂಬ ಸಂಸ್ಥೆ ಇವುಗಳನ್ನು ಬಳಕೆಗೆ ತಂದಿತು. ದುಬೈಯಿಂದ ಬಂದ ಅಬಾಯಾ ಇರಲಿ, ಬೀದರ್ ಅಂಗಡಿಯ ಅಂಗಿ ಇರಲಿ, ಚಿತ್ರದ ಅರ್ಥ ಹೆಚ್ಚುಕಡಿಮೆ ಒಂದೇ. ಒಂದು ಮಾತನ್ನು ಮಾತ್ರ ನೆನಪಿಡಬೇಕು. ಲೇಬಲ್ ಹೇಳುವುದು ಎಷ್ಟು ಬಿಸಿ ಬೇಕು ಎಂದಲ್ಲ, ಬಟ್ಟೆ ಎಷ್ಟರವರೆಗೆ ತಾಳಬಲ್ಲದು ಎಂದು. ಅದಕ್ಕಿಂತ ಕಡಿಮೆಯಾದರೆ ಬಟ್ಟೆಗೆ ಹಾನಿಯಿಲ್ಲ, ಹೆಚ್ಚಾದರೆ ಹಾನಿ ಖಚಿತ.

ಮೂರು ಚುಕ್ಕಿಗಳ ಅರ್ಥ

ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕಿ ಇದ್ದರೆ ಪೆಟ್ಟಿಗೆಯ ತಳದ ಬಿಸಿ ಸುಮಾರು 110 ಡಿಗ್ರಿ ದಾಟಬಾರದು. ಎರಡು ಚುಕ್ಕಿಗೆ ಸುಮಾರು 150, ಮೂರು ಚುಕ್ಕಿಗೆ ಸುಮಾರು 200 ಡಿಗ್ರಿ. ಹತ್ತಿಗೆ ಮೂರು ಚುಕ್ಕಿ. ರೇಷ್ಮೆಗೆ ಸಾಮಾನ್ಯವಾಗಿ ಎರಡು, ತೀರ ತೆಳುವಾದ ರೇಷ್ಮೆಗೆ ಒಂದು. ಪಾಲಿಯೆಸ್ಟರ್‌ಗೆ ಎರಡು ಅಥವಾ ಒಂದು, ನೈಲಾನ್ ಮತ್ತು ಅಕ್ರಿಲಿಕ್‌ಗೆ ಒಂದು. ಚಿತ್ರದ ಮೇಲೆ ಕತ್ತರಿ ಗುರುತಿದ್ದರೆ ಇಸ್ತ್ರಿಯೇ ಬೇಡ.

ಈಗ ಬುರ್ಖಾದ ವಿಷಯಕ್ಕೆ ಬರೋಣ. ಮಾರುಕಟ್ಟೆಯಲ್ಲಿ ಸಿಗುವ ಬುರ್ಖಾ, ಅಬಾಯಾಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್‌ನವು. ನಿದಾ, ಜಾರ್ಜೆಟ್, ಕ್ರೇಪ್ ಎಂಬವು ನೇಯ್ಗೆಯ ಅಥವಾ ಮಾರಾಟದ ಹೆಸರುಗಳಷ್ಟೇ, ನೂಲು ಸಾಮಾನ್ಯವಾಗಿ ಅದೇ. ಪಾಲಿಯೆಸ್ಟರ್ ಕರಗಲು 250 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಆದರೆ ಅದಕ್ಕಿಂತ ಬಹಳ ಮೊದಲೇ ಅದು ಮೆತ್ತಗಾಗುತ್ತದೆ. ಹತ್ತಿಯ ಬಿಸಿಯಲ್ಲಿ ಪೆಟ್ಟಿಗೆಯನ್ನು ಒತ್ತಿದಾಗ ಮೇಲ್ಮೈಯ ದುಂಡನೆಯ ಎಳೆಗಳು ಚಪ್ಪಟೆಯಾಗಿ ಹಾಗೇ ಗಟ್ಟಿಯಾಗುತ್ತವೆ. ಚಪ್ಪಟೆ ಎಳೆ ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಕಪ್ಪು ಬಟ್ಟೆಯಲ್ಲಿ ಅದು ಎದ್ದು ಕಾಣುತ್ತದೆ. ಹೊಲಿಗೆಯ ಜಾಗದಲ್ಲಿ ಬಟ್ಟೆ ದಪ್ಪವಿದ್ದು ಒತ್ತಡ ಹೆಚ್ಚು ಬೀಳುವುದರಿಂದ ಹೊಳಪು ಅಲ್ಲಿಂದಲೇ ಶುರುವಾಗುತ್ತದೆ.

ಸಾಬೂನು ಸರಿಯಾಗಿ ಹೋಗದೆ ಉಳಿದರೂ ಕಪ್ಪು ಬಟ್ಟೆ ಮಾಸಿದಂತೆ ಕಾಣುವುದುಂಟು. ವ್ಯತ್ಯಾಸ ತಿಳಿಯಲು ಆ ಜಾಗವನ್ನು ಒದ್ದೆ ಬೆರಳಿನಿಂದ ಉಜ್ಜಿ, ಒಣಗಲು ಬಿಡಿ. ಬಿಳಿ ಗುರುತು ಹೋದರೆ ಅದು ಸಾಬೂನು, ಇನ್ನೆರಡು ಬಾರಿ ಜಾಲಿಸಿದರೆ ಸಾಕು. ಬೆಳಕಿಗೆ ಓರೆಯಾಗಿ ಹಿಡಿದಾಗ ಮತ್ತೆ ಹೊಳೆದರೆ ಅದು ಇಸ್ತ್ರಿಯ ಗಾಯ. ಆವಿ ಹಿಡಿದು ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ಬುರ್ಖಾವನ್ನು ಒಳಮಗ್ಗುಲು ತಿರುಗಿಸಿ, ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ, ಒಂದು ಚುಕ್ಕಿಯಿಂದ ಶುರುಮಾಡಿ. ಮಡಿಕೆ ಹೋಗದಿದ್ದರೆ, ಲೇಬಲ್ ಒಪ್ಪಿದರೆ ಮಾತ್ರ ಎರಡಕ್ಕೆ ಏರಿಸಿ. ಒಂದು ಚುಕ್ಕಿಯ ಬಟ್ಟೆಗೆ ಆವಿ ಬೇಡ. ತೋಳಿನ ಅಂಚಿನಲ್ಲಿ ಕಲ್ಲು, ಮಿಂಚು ಅಂಟಿಸಿದ್ದರೆ ಅಲ್ಲಿ ಪೆಟ್ಟಿಗೆ ಇಡಬೇಡಿ, ಬಿಸಿಗೆ ಅಂಟು ಸಡಿಲವಾಗುತ್ತದೆ. ಇಸ್ತ್ರಿ ಬಂಡಿಗೆ ಕೊಡುವುದಾದರೆ, ಕೆಂಡದ ಪೆಟ್ಟಿಗೆಯಲ್ಲಿ ಬಿಸಿ ಹೊಂದಿಸುವ ಗುಂಡಿ ಇರುವುದಿಲ್ಲ ಎಂಬುದು ನೆನಪಿರಲಿ. ಬುರ್ಖಾವನ್ನು ಬೇರೆ ಚೀಲದಲ್ಲಿ ಹಾಕಿ, "ಭಯ್ಯಾ, ಇದು ಪಾಲಿಯೆಸ್ಟರ್, ಬಟ್ಟೆ ಹಾಸಿ ಮಾಡಿ" ಎಂದು ಬಾಯಲ್ಲೇ ಹೇಳಿಬಿಡಿ.

ಟಬ್ಬಿನೊಳಗಿನ ಅಂಕಿ

ಟಬ್ಬಿನ ಚಿತ್ರದಲ್ಲಿ 30, 40, 60 ಎಂಬ ಅಂಕಿಗಳಿರುತ್ತವೆ. ಅಂಕಿಯ ಬದಲು ಚುಕ್ಕಿಗಳಿದ್ದರೆ ಒಂದಕ್ಕೆ 30, ಎರಡಕ್ಕೆ 40, ನಾಲ್ಕಕ್ಕೆ 60 ಡಿಗ್ರಿ. ಇಸ್ತ್ರಿಯ ಚುಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಟಬ್ಬಿನೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು. ಟಬ್ಬಿನ ಕೆಳಗೆ ಗೆರೆ ಇದ್ದರೆ ಮೆಲ್ಲಗೆ ಒಗೆಯಬೇಕು.

ನೀರು ಕಾಯಿಸುವ ಮಷಿನ್ ಇಲ್ಲದ ಮನೆಯಲ್ಲಿ ಈ ಅಂಕಿಯನ್ನು ಬಕೆಟ್‌ನಲ್ಲೇ ತರಬಹುದು. ನಲ್ಲಿಯ ನೀರು 25 ಡಿಗ್ರಿ ಇದ್ದರೆ, ನಾಲ್ಕು ತಂಬಿಗೆ ನಲ್ಲಿ ನೀರಿಗೆ ಒಂದು ತಂಬಿಗೆ ಕುದಿನೀರು ಬೆರೆಸಿದಾಗ ಸುಮಾರು 40 ಡಿಗ್ರಿ ಆಗುತ್ತದೆ. ಎಂಟು ತಂಬಿಗೆಗೆ ಏಳು ಬೆರೆಸಿದರೆ ಸುಮಾರು 60. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಕುದಿನೀರು ಹಾಕಿ. 60ರ ನೀರಿಗೆ ಕೈ ಹಾಕಬೇಡಿ, ಕೋಲಿನಿಂದ ತಿರುವಿ, ಮಕ್ಕಳನ್ನು ದೂರವಿಡಿ. ಭಾಲ್ಕಿಯ ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ಮಧ್ಯಾಹ್ನದ ನೀರು ತಾನಾಗಿಯೇ ಬಿಸಿಯಾಗಿರುತ್ತದೆ. ಆಗ ರೇಷ್ಮೆಯನ್ನು ಬೆಳಗಿನ ನೀರಿನಲ್ಲೇ ಒಗೆಯುವುದು ಕ್ಷೇಮ.

ಆರೋಗ್ಯದ ದೃಷ್ಟಿಯಿಂದ 60 ಡಿಗ್ರಿ ಬೇಕಾಗುವುದು ರೋಗಿಯ ಹಾಸಿಗೆ ಬಟ್ಟೆ, ಟವೆಲ್, ಮಗುವಿನ ಲಂಗೋಟಿಗಳಿಗೆ. ಅಲರ್ಜಿ, ಉಬ್ಬಸ ತರುವ ಹಾಸಿಗೆಯ ಸೂಕ್ಷ್ಮ ಹುಳುಗಳು ಈ ಬಿಸಿಯಲ್ಲಿ ಸಾಯುತ್ತವೆ. ಇವೆಲ್ಲ ಹತ್ತಿಯದ್ದಾದರೆ ತಾಳುತ್ತವೆ, ಅದಕ್ಕೇ ಇವುಗಳಿಗೆ ಹತ್ತಿಯನ್ನೇ ಕೊಳ್ಳುವುದು ಒಳ್ಳೆಯದು. ಪಾಲಿಯೆಸ್ಟರನ್ನು ಅಷ್ಟು ಬಿಸಿಯಲ್ಲಿ ನೆನೆಸಿ ಹಿಂಡಿದರೆ ಸುಕ್ಕುಗಳು ಅಲ್ಲೇ ನಿಂತುಬಿಡುತ್ತವೆ. ಅದರಲ್ಲಿ ಬೆವರಿನ ಜಿಡ್ಡು ಹಿಡಿದು ವಾಸನೆ ಉಳಿಯುವುದರಿಂದ ಬಿಸಿ ಹೆಚ್ಚಿಸುವ ಬದಲು ಹೊತ್ತು ಹೆಚ್ಚಿಸಿ. ತೊಟ್ಟ ದಿನವೇ ಒಳಮಗ್ಗುಲು ತಿರುಗಿಸಿ, ಲೇಬಲ್ ಒಪ್ಪಿದರೆ 40 ಡಿಗ್ರಿಯ ಪುಡಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ.

ರೇಷ್ಮೆ ನಮ್ಮ ಕೂದಲಿನಂತೆ ಪ್ರೋಟೀನ್. ಸೋಡಾ ಇರುವ ಪುಡಿ, ಕಲೆ ತೆಗೆಯುವ ಎನ್‌ಜೈಮ್ ಪುಡಿ ಎರಡೂ ಅದನ್ನು ತಿನ್ನುತ್ತವೆ. ಲೇಬಲ್ ಒಪ್ಪಿದರೆ ಸೌಮ್ಯ ದ್ರವದಲ್ಲಿ, 30 ಡಿಗ್ರಿಯೊಳಗೆ, ಹಿಂಡದೆ ಒಗೆಯಿರಿ. ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರವಿದ್ದು ಟಬ್ಬಿಗೆ ಕತ್ತರಿ ಹಾಕಿದ್ದರೆ ಡ್ರೈಕ್ಲೀನಿಂಗ್‌ಗೆ ಕೊಡಿ.

ಲೇಬಲ್ ಇಲ್ಲದಿದ್ದರೆ

ಮೀಟರ್ ಲೆಕ್ಕದಲ್ಲಿ ಕೊಂಡು ದರ್ಜಿಯಿಂದ ಹೊಲಿಸಿದ ಬಟ್ಟೆಗೆ ಲೇಬಲ್ ಇರುವುದಿಲ್ಲ. ಒಳಹೊಲಿಗೆಯಿಂದ ಎರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ನೀರಿರುವ ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಹಗುರ ಬೂದಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಉಳಿದದ್ದು ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಎರಡೂ ಲಕ್ಷಣ ಕಂಡರೆ ಅದು ಬೆರಕೆ ನೂಲು. ಆಗ ಕಡಿಮೆ ಬಿಸಿ ತಾಳುವ ನೂಲಿನ ಲೆಕ್ಕವನ್ನೇ ಹಿಡಿಯಬೇಕು.

ಈದ್‌ಗೆ ಗಂಡನ ಹತ್ತಿ ಕುರ್ತಾ, ನಿಮ್ಮ ರೇಷ್ಮೆ ದುಪಟ್ಟಾ, ಬುರ್ಖಾ ಮೂರನ್ನೂ ಒಟ್ಟಿಗೆ ಇಸ್ತ್ರಿ ಮಾಡಬೇಕಾದರೆ ಬುರ್ಖಾವನ್ನು ಮೊದಲು ಮಾಡಿ, ಆಮೇಲೆ ದುಪಟ್ಟಾ, ಕೊನೆಗೆ ಕುರ್ತಾ. ಪೆಟ್ಟಿಗೆ ಬೇಗ ಕಾಯುತ್ತದೆ, ಆದರೆ ನಿಧಾನವಾಗಿ ಆರುತ್ತದೆ. ಕುರ್ತಾ ಮುಗಿಸಿ ಗುಂಡಿಯನ್ನು ಒಂದು ಚುಕ್ಕಿಗೆ ತಿರುಗಿಸಿದರೂ ತಳದ ಲೋಹ ಎಷ್ಟೋ ಹೊತ್ತು ಹತ್ತಿಯ ಬಿಸಿಯಲ್ಲೇ ಇರುತ್ತದೆ. ಬುರ್ಖಾಗಳು ಹಾಳಾಗುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.