ಎರಡು ಪುಟದ ಪ್ರಭಾರ ಪತ್ರ

ಬೇಸಿಗೆಯ ಕೊನೆಗೆ ಸರ್ಕಾರಿ ಕಚೇರಿಗಳಲ್ಲಿ ವರ್ಗಾವಣೆಯ ಗಾಳಿ ಬೀಸುತ್ತದೆ. ಹೋಗುವವರು ಬರುವವರಿಗೆ ಪ್ರಭಾರ ಪಟ್ಟಿ ಬರೆದು, ಇಬ್ಬರೂ ಸಹಿ ಹಾಕುತ್ತಾರೆ. ಕಡತಗಳೆಷ್ಟು, ರಿಜಿಸ್ಟರುಗಳೆಷ್ಟು, ಬೀರುವಿನ ಕೀಲಿ ಯಾರ ಕೈಗೆ ಹೋಯಿತು ಎಂಬುದೆಲ್ಲ ಆ ಪಟ್ಟಿಯಲ್ಲಿರುತ್ತದೆ. ಪ್ರತಿ ತಿಂಗಳ ಐದನೇ ತಾರೀಖಿನೊಳಗೆ ಜಿಲ್ಲಾ ಪಂಚಾಯಿತಿಗೆ ಹೋಗಬೇಕಾದ ವರದಿಯನ್ನು ತಯಾರಿಸುವುದು ಹೇಗೆ ಎಂಬುದು ಮಾತ್ರ ಇರುವುದಿಲ್ಲ. ಅದು ಹೋಗುವವರ ಜೊತೆಗೇ ಬಸ್ಸು ಹತ್ತುತ್ತದೆ.

ತಾಲ್ಲೂಕು ಪಂಚಾಯಿತಿಯೊಂದರ ದ್ವಿತೀಯ ದರ್ಜೆ ಸಹಾಯಕಿಯೊಬ್ಬರು ಹಾಗೆ ಹೋಗಗೊಡಲಿಲ್ಲ. ಪ್ರಭಾರ ಪಟ್ಟಿಗೆ ಎರಡು ಪುಟದ ಪತ್ರವನ್ನು ಲಗತ್ತಿಸಿದರು. ವಿಷಯ ಒಂದೇ: 26 ಗ್ರಾಮ ಪಂಚಾಯಿತಿಗಳಿಂದ ಬರುವ ತೆರಿಗೆ ವಸೂಲಿ ವರದಿಯನ್ನು ಜಿಲ್ಲೆಯ ನಿಗದಿತ ನಮೂನೆಗೆ ಇಳಿಸುವುದು. ಕಚೇರಿಯ ಬಾಯಲ್ಲಿ ಅದು ಡಿಸಿಬಿ, ಅಂದರೆ ಬೇಡಿಕೆ, ವಸೂಲಿ, ಬಾಕಿ.

ಪತ್ರ ಶುರುವಾಗುವುದೇ ಒಂದು ತಾಕೀತಿನಿಂದ. "ಸರ್, ಪಂಚಾಯಿತಿಯಿಂದ ಬಂದ ಫೈಲನ್ನು ತಿದ್ದಬೇಡಿ. ಅದನ್ನು ಆ ತಿಂಗಳ ಫೋಲ್ಡರಿನಲ್ಲಿ ಬಂದ ಹಾಗೇ ಇಟ್ಟು, ಕೆಲಸವನ್ನೆಲ್ಲ ಪ್ರತಿಯಲ್ಲಿ ಮಾಡಿ. ನಾಳೆ ಪಿಡಿಒ ಅವರು 'ನಾವು ಕಳಿಸಿದ ಅಂಕಿ ಅದಲ್ಲ' ಎಂದರೆ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ." ಆಮೇಲಿನ ತಿದ್ದುಪಡಿಗಳೆಲ್ಲ ನಿಲ್ಲುವುದು ಈ ಒಂದು ಶಿಸ್ತಿನ ಮೇಲೆ.

ಎರಡನೆಯದು ಹೆಸರಿನ ತೊಡಕು. ಕೆಲವು ಪಂಚಾಯಿತಿಗಳು ಇಂದಿಗೂ ಹಳೆಯ ನುಡಿ ಫಾಂಟಿನಲ್ಲೇ ಊರ ಹೆಸರು ಬರೆದು ಕಳಿಸುತ್ತವೆ. ಆ ಫಾಂಟಿನಲ್ಲಿ ಕನ್ನಡದ ರೂಪಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಬದಲಾದ ತಕ್ಷಣ 'ಕನ್ನಡ' ಎಂದಿದ್ದದ್ದು `PÀ£ÀßqÀ` ಎಂದು ಕಾಣಿಸುತ್ತದೆ. ಯೂನಿಕೋಡಿನಲ್ಲಿ ಬರೆದವರದೂ ಒಬ್ಬರದೊಂದು ಕಾಗುಣಿತ. ಕಣ್ಣಿಗೆ ಒಂದೇ ಊರು, ಎಕ್ಸೆಲ್‌ಗೆ ಮೂರು ಊರು. ಪರಿವರ್ತಕ ತಂತ್ರಾಂಶ ಬಳಸಿ ಹೆಸರುಗಳನ್ನು ಸರಿಪಡಿಸುತ್ತ ಕೂರಬಹುದು, ಆದರೆ ಈಕೆ ಹೆಸರಿನ ಗೊಡವೆಗೇ ಹೋಗುವುದಿಲ್ಲ. ಪ್ರತಿ ಪಂಚಾಯಿತಿಗೂ ಸರ್ಕಾರದ ಕೋಡ್ ಇದೆ. ನಮೂನೆಯ ಮೊದಲ ಕಾಲಂನಲ್ಲಿ ಅದನ್ನೇ ಇಟ್ಟು, ಹುಡುಕಾಟ, ಹೋಲಿಕೆಯನ್ನೆಲ್ಲ ಅದರ ಮೇಲೆಯೇ ನಡೆಸುತ್ತಾರೆ. ಹೆಸರು ಓದುವವರಿಗೆ ಮಾತ್ರ.

ಮೂರನೆಯದು ಅಂಕಿಯ ವೇಷದಲ್ಲಿರುವ ಅಕ್ಷರ. ವಾಟ್ಸಾಪಿನಿಂದ ನಕಲು ಮಾಡಿ ಅಂಟಿಸಿದ 1,09,680 ಎಷ್ಟೋ ಸಲ ಸಂಖ್ಯೆಯಾಗಿರುವುದಿಲ್ಲ. ಅದರ ಹಿಂದೆಯೋ ಮುಂದೆಯೋ ಖಾಲಿ ಜಾಗ ಸೇರಿರುತ್ತದೆ, ಇಲ್ಲವೇ ಕನ್ನಡ ಅಂಕಿ ಇರುತ್ತದೆ. ಇದರಲ್ಲಿ ಮೋಸವೆಂದರೆ ಮೊತ್ತ ಹಾಕಿದಾಗ ಎಕ್ಸೆಲ್ ದೂರುವುದಿಲ್ಲ. ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಉಳಿದವನ್ನು ಕೂಡಿಸುತ್ತದೆ. ಸಂಖ್ಯೆ ಕೋಶದ ಬಲಕ್ಕೆ ಒರಗುತ್ತದೆ, ಅಕ್ಷರ ಎಡಕ್ಕೆ. ಆದರೆ ಯಾರಾದರೂ ಎಲ್ಲವನ್ನೂ ಮಧ್ಯಕ್ಕೆ ಸರಿಸಿದ್ದರೆ ಆ ಗುರುತೂ ಅಳಿದಂತೆ. ಹಾಗಾಗಿ ಪತ್ರದಲ್ಲಿ ಎರಡು ಸೂತ್ರಗಳಿವೆ. ಮೊದಲನೆಯದು ಪಕ್ಕದ ಖಾಲಿ ಕಾಲಂನಲ್ಲಿ ಅಲ್ಪವಿರಾಮ, ಖಾಲಿ ಜಾಗ ತೆಗೆದು ಸಂಖ್ಯೆ ಮಾಡುತ್ತದೆ, ಬಂದದ್ದನ್ನು ಮೂಲ ಕಾಲಂಗೆ ಮೌಲ್ಯವಾಗಿ ಅಂಟಿಸಬೇಕು. ಎರಡನೆಯದು ಕಾಲಂನಲ್ಲಿ ನಿಜವಾದ ಸಂಖ್ಯೆಗಳು ಎಷ್ಟಿವೆ ಎಂದು ಎಣಿಸುತ್ತದೆ.

```
=VALUE(SUBSTITUTE(TRIM(G5),",",""))
=COUNT(G5:G30)
```

"ಎರಡನೆಯದಕ್ಕೆ ಉತ್ತರ 26 ಬರಬೇಕು. 25 ಬಂದರೆ ಒಟ್ಟು ಮೊತ್ತವನ್ನು ನೋಡಲೇಬೇಡಿ, ಮೊದಲು ತಪ್ಪಿಸಿಕೊಂಡ ಪಂಚಾಯಿತಿಯನ್ನು ಹುಡುಕಿ. ಕನ್ನಡ ಅಂಕಿಯಿದ್ದರೆ ಮೊದಲ ಸೂತ್ರವೂ ಕೈಕೊಡುತ್ತದೆ, ಕೈಯಿಂದಲೇ ಬರೆಯಬೇಕು." ವಸೂಲಿ ಏನೂ ಆಗದ ಪಂಚಾಯಿತಿಯ ಕೋಶದಲ್ಲಿ ಅಡ್ಡಗೆರೆ ಎಳೆಯದೆ 0 ಹಾಕಬೇಕು ಎಂದೂ ಸೇರಿಸಿದ್ದಾರೆ. ಖಾಲಿ ಕೋಶ ಎಂದರೆ ವರದಿ ಬಂದಿಲ್ಲವೆಂದು ಅರ್ಥ, ಸೊನ್ನೆ ಎಂದರೆ ಬಂದಿದೆ, ಹಣ ಬಂದಿಲ್ಲ.

ನನಗೆ ಪತ್ರದ ತಿರುಳು ಎನಿಸಿದ್ದು ಇದರ ಮುಂದಿನ ಭಾಗ. ಇಲ್ಲಿಯವರೆಗಿನದು ಒಪ್ಪಓರಣದ ಕೆಲಸ. ಅಂಕಿ ನಿಜವೋ ಸುಳ್ಳೋ ಎಂದು ನೋಡುವುದು ಈಗ. 'ಹಿಂದಿನ ತಿಂಗಳವರೆಗಿನ ವಸೂಲಿ' ಎಂಬ ಕಾಲಂನಲ್ಲಿ ಪಂಚಾಯಿತಿ ಈ ತಿಂಗಳು ಬರೆದದ್ದೂ, ಹೋದ ತಿಂಗಳ ವರದಿಯ 'ಒಟ್ಟು ವಸೂಲಿ'ಯೂ ಒಂದೇ ಆಗಿರಬೇಕು. ಈಕೆ ಅದಕ್ಕೆಂದೇ ಪಕ್ಕದಲ್ಲೊಂದು ಕಾಲಂ ತೆರೆದಿದ್ದಾರೆ:

```
=F5-VLOOKUP($A5,'OCT'!$A:$J,8,FALSE)
```

ಸೊನ್ನೆ ಬಂದರೆ ಮುಂದಿನ ಸಾಲು. ಬಾರದಿದ್ದರೆ ಫೋನು.

ಮಾದರಿಗೆ ಒಂದು ಪಂಚಾಯಿತಿಯ ನವೆಂಬರ್ ಲೆಕ್ಕವನ್ನೇ ಪತ್ರಕ್ಕೆ ಸೇರಿಸಿದ್ದಾರೆ. ಏಪ್ರಿಲ್ 1ಕ್ಕೆ ಹಿಂದಿನ ಬಾಕಿ 6,42,300 ರೂಪಾಯಿ, ಚಾಲ್ತಿ ಸಾಲಿನ ಬೇಡಿಕೆ 11,85,700, ಒಟ್ಟು 18,28,000. ಅಕ್ಟೋಬರ್ ವರದಿಯ ಪ್ರಕಾರ ಅಲ್ಲಿಯವರೆಗೆ ವಸೂಲಾದದ್ದು 7,31,200. ನವೆಂಬರಿನಲ್ಲಿ 1,09,680. ಕೂಡಿಸಿದರೆ 8,40,880, ಶೇಕಡಾ 46. ಆದರೆ ಪಂಚಾಯಿತಿ ಕಳಿಸಿದ ಒಟ್ಟು ವಸೂಲಿ 8,64,880. ಈ ತಿಂಗಳ ಅಂಕಿಯಲ್ಲಿ ತಪ್ಪಿರಲಿಲ್ಲ. 'ಹಿಂದಿನ ತಿಂಗಳವರೆಗೆ' ಎಂಬಲ್ಲಿ 7,55,200 ಎಂದಿತ್ತು. ವ್ಯತ್ಯಾಸ 24,000.

ಬಿಲ್ ಕಲೆಕ್ಟರನ್ನು ವಿಚಾರಿಸಿದಾಗ ವಿಷಯ ಹೊರಬಂತು. ಪಂಚಾಯಿತಿಯ ಮಳಿಗೆಗಳ ಬಾಡಿಗೆ ಬ್ಯಾಂಕಿಗೆ ಜಮೆಯಾಗಿತ್ತು, ಅದನ್ನು ಯಾರೋ ತೆರಿಗೆಯ ಲೆಕ್ಕಕ್ಕೆ ಸೇರಿಸಿದ್ದರು. ಹಣ ನಿಜ, ರಸೀದಿ ನಿಜ, ಕಾಲಂ ಮಾತ್ರ ತಪ್ಪು. ಬಾಡಿಗೆಯ ಬೇಡಿಕೆ ತೆರಿಗೆಯ ಬೇಡಿಕೆಯಲ್ಲಿ ಇಲ್ಲದಿರುವಾಗ ಅದರ ವಸೂಲಿ ಇಲ್ಲಿಗೆ ಬಂದರೆ ಬಾಕಿ ತಾನಾಗಿ ಕರಗಿದಂತೆ ಕಾಣುತ್ತದೆ. ಗ್ರಂಥಾಲಯ, ಆರೋಗ್ಯ ಮುಂತಾದ ಉಪಕರಗಳದೂ ಇದೇ ಕಥೆ: ವಸೂಲಿಯಲ್ಲಿ ಸೇರಿಸಿ ಬೇಡಿಕೆಯಲ್ಲಿ ಬಿಟ್ಟರೆ ಮಾರ್ಚಿನಲ್ಲಿ ಶೇಕಡಾ ನೂರನ್ನೂ ದಾಟಬಹುದು. "ನೂರಕ್ಕೆ ಮೇಲೆ ಬಂದರೆ ಅಭಿನಂದನೆ ಬೇಡ, ಉಪಕರ ನೋಡಿ" ಎಂದು ಬರೆದಿದ್ದಾರೆ. ಇಂಥ ಕಡೆ ಅಂಕಿಯನ್ನು ತಾವೇ ತಿದ್ದಬಾರದು, ಪಿಡಿಒ ಸಹಿಯ ಪರಿಷ್ಕೃತ ವರದಿಯನ್ನೇ ತರಿಸಿಕೊಳ್ಳಬೇಕು. ಈ ಮಾತಿಗೆ ಕೆಂಪು ಮಸಿಯಲ್ಲಿ ಅಡಿಗೆರೆ ಬಿದ್ದಿದೆ.

ಜಿಲ್ಲೆಯ ನಮೂನೆ ಕೇಳುವುದು ಲಕ್ಷಗಳಲ್ಲಿ, ಪಂಚಾಯಿತಿ ಕೊಡುವುದು ರೂಪಾಯಿಗಳಲ್ಲಿ. ಈ ಭಾಗಾಕಾರವನ್ನು ಈಕೆ ಕಟ್ಟಕಡೆಗೆ ಇಟ್ಟಿದ್ದಾರೆ. ಪ್ರತಿ ಸಾಲನ್ನೂ ಮೊದಲೇ ಎರಡು ದಶಮಾಂಶಕ್ಕೆ ಸರಿಪಡಿಸಿ ಆಮೇಲೆ ಕೂಡಿಸಿದರೆ ಒಟ್ಟು ಮೊತ್ತ ರೂಪಾಯಿಯ ಲೆಕ್ಕಕ್ಕೆ ಹೊಂದದೆ ಹೋಗಬಹುದು. ಸಾವಿರ ರೂಪಾಯಿಯ ವ್ಯತ್ಯಾಸಕ್ಕೆ ಲೆಕ್ಕಾಧಿಕಾರಿಗಳು ಫೈಲ್ ವಾಪಸು ಕಳಿಸುತ್ತಾರೆ. ಆದ್ದರಿಂದ ರೂಪಾಯಿಯಲ್ಲೇ ಕೂಡಿಸಿ, ಬಂದ ಮೊತ್ತವನ್ನು ಲಕ್ಷಕ್ಕೆ ಇಳಿಸಬೇಕು.

ತಾಲ್ಲೂಕಿನ ಶೇಕಡಾವಾರು ಪ್ರಮಾಣಕ್ಕೂ ಇಂಥದೇ ಎಚ್ಚರಿಕೆ. ಪಂಚಾಯಿತಿಗಳ ಶೇಕಡಾಗಳ ಸರಾಸರಿ ತೆಗೆಯುವುದು ಸುಲಭ, ಆದರೆ ತಪ್ಪು. 2 ಲಕ್ಷ ಬೇಡಿಕೆಯ ಸಣ್ಣ ಪಂಚಾಯಿತಿ ಶೇಕಡಾ 90 ವಸೂಲಿ ಮಾಡಿ, 20 ಲಕ್ಷದ ದೊಡ್ಡದು 40ಕ್ಕೆ ನಿಂತಿದೆ ಎನ್ನಿ. ಸರಾಸರಿ 65 ಬರುತ್ತದೆ. ನಿಜವಾಗಿ 22 ಲಕ್ಷಕ್ಕೆ ಬಂದಿರುವುದು 9.80 ಲಕ್ಷ, ಅಂದರೆ ಶೇಕಡಾ 45ಕ್ಕೂ ಕಡಿಮೆ. ಕೆಡಿಪಿ ಸಭೆಯಲ್ಲಿ 65 ಎಂದು ಓದಿದ ಮೇಲೆ ಮುಂದಿನ ತಿಂಗಳು ಏನು ಓದುವುದು?

ಪತ್ರದಲ್ಲಿ ಕೊರತೆಯೂ ಇದೆ. ವರದಿಯನ್ನು ಕೈಬರಹದ ಹಾಳೆಯ ಫೋಟೋ ತೆಗೆದು ಕಳಿಸುವ ಪಂಚಾಯಿತಿಗಳ ಬಗ್ಗೆ "ಟೈಪ್ ಮಾಡಿ, ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ" ಎಂದಷ್ಟೇ ಇದೆ. ಇನ್ನೊಬ್ಬರು ಎಲ್ಲಿಂದ ಬರಬೇಕು ಎಂಬುದಿಲ್ಲ. ಸಾಲಿನ ನಡುವೆ ಹೊಸ ಮನೆಗಳು ತೆರಿಗೆಗೆ ಸೇರಿ ಬೇಡಿಕೆಯೇ ಹೆಚ್ಚಿದಾಗ ಏನು ಮಾಡಬೇಕೆಂಬುದಕ್ಕೂ ಒಂದೇ ಸಾಲು: ಪರಿಷ್ಕೃತ ಬೇಡಿಕೆಯ ಆದೇಶದ ಪ್ರತಿಯಿಲ್ಲದೆ ಆ ಕಾಲಂ ಮುಟ್ಟಬೇಡಿ.

ಕೊನೆಯ ಪ್ಯಾರಾ ಏಪ್ರಿಲ್ ತಿಂಗಳಿಗೆ ಮೀಸಲು. ಮಾರ್ಚ್ 31ರ ಬಾಕಿಯೇ ಏಪ್ರಿಲ್ 1ರ 'ಹಿಂದಿನ ಬಾಕಿ'. ಹೊಸ ಹಾಳೆಗೆ ಅದನ್ನು ಸೂತ್ರವಾಗಿ ತರದೆ ಮೌಲ್ಯವಾಗಿ ಅಂಟಿಸಬೇಕು, ಇಲ್ಲದಿದ್ದರೆ ಹಳೆಯ ಫೈಲಿನ ಜಾಗ ಬದಲಾದ ದಿನ ಕೊಂಡಿ ಕಡಿಯುತ್ತದೆ. ಹಿಂದಿನ ತಿಂಗಳವರೆಗಿನ ವಸೂಲಿ ಆ ಒಂದು ತಿಂಗಳು ಎಲ್ಲರಿಗೂ ಸೊನ್ನೆ. ಅದರ ಕೆಳಗೆ ಸಹಿ, ದಿನಾಂಕ, ಮತ್ತು "ನಮೂನೆ ಬದಲಾದರೆ ಈ ಪತ್ರವನ್ನೂ ತಿದ್ದಿ, ನಿಮ್ಮ ದಿನಾಂಕ ಹಾಕಿ" ಎಂಬ ಷರಾ.